‘ಗ್ಯಾಸ್ ಯಾರ್ದು?’: ಮನೆಯವರ ಮಾತು ಮತ್ತು ನಮ್ಮ ಲೆಕ್ಕದ ನೋಟ್‌ಬುಕ್

‘ದಾವಣಗೆರೆ ಮಂದಿಗೆ ಮಂಡಕ್ಕಿ ಮಾರ್ತೀರಾ? ಇದಕ್ಕೇನಾ ಇಂಜಿನಿಯರಿಂಗ್ ಓದಿಸ್ತಿರೋದು?’

ಲೋಕಿಕೆರೆಯ ಮನೆಯಲ್ಲಿ ಚಿಕ್ಕಪ್ಪ ಇದನ್ನ ಹೇಳಿದಾಗ ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ, ಆದರೆ ಏನೂ ಮಾತಾಡಲೂ ಇಲ್ಲ. ಅದೇ ಹೆಚ್ಚು ಚುಚ್ಚಿತು. ನಾವು ಇಬ್ಬರು, ಒಬ್ಬರ ಊರು ಲೋಕಿಕೆರೆ, ಇನ್ನೊಬ್ಬರದು ಹರಿಹರ. ಹರಿಹರದ ಮನೆಯಲ್ಲೂ ಹೆಚ್ಚುಕಮ್ಮಿ ಇದೇ ಮಾತು: ‘ಮೊದ್ಲು ಬ್ಯಾಕ್‌ಲಾಗ್ ಇಲ್ದಂಗೆ ಪಾಸಾಗ್ರಿ.’

ಆ ರಾತ್ರಿ ಬಿಟ್ಟುಬಿಡೋಣ ಅನ್ನಿಸಿತ್ತು. ಬಿಡೋ ಮೊದಲು ಒಂದು ಕೆಲಸ ಮಾಡಿದ್ವಿ. ನೋಟ್‌ಬುಕ್ ಹಾಳೆಯಲ್ಲಿ ಎರಡು ಕಾಲಂ ಹಾಕಿ, ಮನೆಯಲ್ಲಿ ಕೇಳಿದ ಮಾತುಗಳನ್ನೆಲ್ಲ ಬರೆದ್ವಿ. ಒಂದು ಕಾಲಂ, ಪರೀಕ್ಷೆ ಮಾಡಿ ಉತ್ತರ ಹೇಳಬಹುದಾದ ಮಾತಿಗೆ. ಇನ್ನೊಂದು, ಬರೀ ನೋವಾಗೋ ಮಾತಿಗೆ. ‘ನಿಮ್ ಕೈಲಿ ಆಗಲ್ಲ’ ಅನ್ನೋದು ಎರಡನೇ ಕಾಲಂಗೆ ಹೋಯ್ತು. ‘ಎಲ್ಲಾ ಕಡೆ ಸಿಗೋ ಮಂಡಕ್ಕೀನ ನಿಮ್ಮತ್ರ ಯಾರು ತಗೊಳ್ತಾರೆ?’ ಅನ್ನೋದು ಮೊದಲನೆಯದಕ್ಕೆ. ‘ಗ್ಯಾಸ್ ಯಾರ್ದು?’ ಅನ್ನೋದೂ ಮೊದಲನೆಯದಕ್ಕೇ. ನಗುತ್ತಾ ಹೇಳಿದ ಒಂಬತ್ತು ಮಾತಿನಲ್ಲಿ ನಾಲ್ಕು ನಿಜವಾದ ಪ್ರಶ್ನೆಗಳಿದ್ದವು. ಎರಡನೇ ಕಾಲಂನ ಹಿಂದೆ ಇದ್ದದ್ದು ಹೆಚ್ಚಾಗಿ ಭಯ. ದಾವಣಗೆರೆಯ ಹತ್ತಿ ಗಿರಣಿಗಳು, ಹರಿಹರದ ಮೈಸೂರು ಕಿರ್ಲೋಸ್ಕರ್ ಮುಚ್ಚಿದ್ದನ್ನ ಕಂಡ ಊರುಗಳಿವು. ಸಂಬಳದ ಕೆಲಸ ಇಲ್ಲಿ ಸಣ್ಣ ಮಾತಲ್ಲ. ಆ ಭಯಕ್ಕೆ ವಾದ ಮಾಡಿ ಉತ್ತರ ಕೊಡೋಕಾಗಲ್ಲ ಅಂತ ಅರ್ಥ ಆಯ್ತು.

ಇಂಥ ಹೊತ್ತಲ್ಲಿ ಎಲ್ಲರೂ ವಿಜಯ ಸಂಕೇಶ್ವರರ ಹೆಸರು ಹೇಳ್ತಾರೆ. ಗದಗಿನಲ್ಲಿ ಮನೆತನದ ಮುದ್ರಣ ವ್ಯಾಪಾರ ಇದ್ದರೂ, ಮನೆಯವರ ಇಷ್ಟಕ್ಕೆ ವಿರುದ್ಧವಾಗಿ 1976ರಲ್ಲಿ ಲಾರಿ ವ್ಯವಹಾರಕ್ಕೆ ಇಳಿದವರು ಅವರು. ‘ಅಂಥವ್ರು ಲಕ್ಷಕ್ಕೊಬ್ರು’ ಅಂತ ಚಿಕ್ಕಪ್ಪ ಹೇಳಿದರೆ ಅದೂ ಸರಿಯೇ. ನಾವು ಆ ಕಥೆಯಿಂದ ತಗೊಂಡದ್ದು ಇಷ್ಟೇ: ಅವರು ಶುರು ಮಾಡಿದ್ದು ಒಂದೇ ಒಂದು ಲಾರಿಯಿಂದ. ನಮ್ಮ ಒಂದು ಲಾರಿ ಎಷ್ಟು ದೊಡ್ಡದಿರಬೇಕು ಅಂತ ಮೊದಲೇ ತೀರ್ಮಾನ ಮಾಡಬೇಕಿತ್ತು.

ಹಾಗಾಗಿ ಮೂರು ಗೆರೆ ಎಳೆದ್ವಿ. ಕೈಯಿಂದ ಹಾಕೋ ಹಣ 3000 ರೂಪಾಯಿ ದಾಟಬಾರದು. ಕೆಲಸ ಭಾನುವಾರ ಮಾತ್ರ, ಒಟ್ಟು ಆರು ಭಾನುವಾರ, ಇಂಟರ್ನಲ್ಸ್ ವಾರ ಬಿಟ್ಟು. ಮೂರನೆಯದು ನಿಲ್ಲಿಸೋ ನಿಯಮ: ನಾಲ್ಕನೇ ಭಾನುವಾರದೊಳಗೆ ಕನಿಷ್ಠ 12 ಜನ, ನಾವು ಕೇಳದೇ, ತಾವಾಗೇ ಬಂದು ಎರಡನೇ ಸಲ ಕೊಳ್ಳಬೇಕು. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸೋದು. ಈ ನಿಯಮವನ್ನ ಶುರುವಿನಲ್ಲೇ ಬರೆಯೋದು ಮುಖ್ಯ. ಆಮೇಲೆ ಬರೆದರೆ ಬೇಜಾರಾದ ದಿನ ‘ಆಗಲ್ಲ’ ಅಂತಲೂ, ಖುಷಿಯಾದ ದಿನ ‘ಸೂಪರ್’ ಅಂತಲೂ ಬರೀತೀವಿ.

ಎರಡನೇ ಸಲ ಕೊಂಡವರನ್ನೇ ಯಾಕೆ ಎಣಿಸಬೇಕು? ಮೊದಲ ಸಲ ಕ್ಲಾಸ್‌ಮೇಟ್ಸ್ ಕೊಳ್ಳೋದು ದಾಕ್ಷಿಣ್ಯಕ್ಕೆ. ‘ಹೆಂಗಿದೆ?’ ಅಂದರೆ ಎಲ್ಲರೂ ‘ಮಸ್ತ್’ ಅಂತಾರೆ. ದಾಕ್ಷಿಣ್ಯ ಒಂದು ಪ್ಯಾಕೆಟ್‌ಗೆ ಮುಗಿಯುತ್ತೆ.

ಮನೆಯಲ್ಲಿ ಗುಟ್ಟಾಗಿ ಮಾಡಿದ್ವಾ? ಪೂರ್ತಿ ಅಲ್ಲ. ಸಣ್ಣ ಪ್ರಮಾಣದಲ್ಲಿ ತಿಂಡಿ ಮಾಡಿ ಮಾರೋಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅಡುಗೆಮನೆ ಅಮ್ಮನದು, ಆದ್ದರಿಂದ ನೋಂದಣಿಯೂ ಅಮ್ಮನ ಹೆಸರಲ್ಲೇ. ಅಮ್ಮನಿಗೆ ಎಲ್ಲಾ ಹೇಳಿದ್ವಿ, ಉಳಿದವರಿಗೆ ‘ಆರು ವಾರ ಆದ್ಮೇಲೆ ಹೇಳ್ತೀವಿ’ ಅಂದ್ವಿ. ನೋಂದಣಿ ಸಂಖ್ಯೆ ಬಂದು, ತಯಾರಿಸಿದ ದಿನ, ತೂಕ, ಬೆಲೆ, ಪದಾರ್ಥಗಳ ಲೇಬಲ್ ಆದಮೇಲೆ, ವಾರ್ಡನ್ ಹತ್ತಿರ ಕೇಳಿಕೊಂಡೇ ಹಾಸ್ಟೆಲ್‌ನಲ್ಲಿ ಮಾರಿದ್ದು.

ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಮಂಡಕ್ಕಿ ತಂದು, ಬೆಳ್ಳುಳ್ಳಿ, ಕರಿಬೇವು, ಶೇಂಗಾ, ಹುರಿಗಡಲೆ ಹಾಕಿ ಖಾರ ಮಂಡಕ್ಕಿ ಮಾಡಿದ್ವಿ. 100 ಗ್ರಾಂನ 40 ಪ್ಯಾಕೆಟ್. ಸಾಮಾನಿಗೆ 430 ರೂಪಾಯಿ, ಅಂದರೆ ಪ್ಯಾಕೆಟ್‌ಗೆ 10.75. ಬೆಲೆ 25. ‘ಅರ್ಧಕ್ಕಿಂತ ಹೆಚ್ಚು ಲಾಭ!’ ಅಂತ ಕುಣಿದಾಡಿದ್ವಿ. ಆಗ ಮೊದಲನೇ ಕಾಲಂ ನೋಡಿದರೆ ‘ಗ್ಯಾಸ್ ಯಾರ್ದು?’ ಅಂತ ಬರೆದಿತ್ತು. ಗ್ಯಾಸ್‌ಗೆ 30, ಕವರ್‌ಗೆ 80, ಲೇಬಲ್‌ಗೆ 40, ಬಸ್ಸಿಗೆ 40 ಸೇರಿಸಿದರೆ ಒಟ್ಟು 620. ಪ್ಯಾಕೆಟ್‌ಗೆ 15.50.

ನಲವತ್ತೂ ಮಾರಾಟವಾದವು. ಮೂರನೇ ದಿನ 11 ವಾಪಸ್ ಬಂದವು, ಮಂಡಕ್ಕಿ ಮೆತ್ತಗಾಗಿತ್ತು. ದುಡ್ಡು ವಾಪಸ್ ಕೊಟ್ವಿ. ಉಳಿದದ್ದು 105 ರೂಪಾಯಿ. ನಾವಿಬ್ಬರು ಐದೈದು ಗಂಟೆ, ಅಮ್ಮ ಎರಡು ಗಂಟೆ, ಸೇರಿ 12 ಗಂಟೆಯ ದುಡಿಮೆ. ಗಂಟೆಗೆ ಒಂಬತ್ತು ರೂಪಾಯಿಯೂ ಬೀಳಲಿಲ್ಲ. ‘ಚಿಕ್ಕಪ್ಪ ಹೇಳಿದ್ದೇ ಸರಿ, ನಮಗ್ಯಾಕೆ ಬೇಕಿತ್ತು’ ಅನ್ನೋ ಮಾತು ಈ ಸಲ ನಮ್ಮ ಬಾಯಿಂದಲೇ ಬಂತು. ಅದನ್ನೂ ಅದೇ ಹಾಳೆಯಲ್ಲಿ ಬರೆದು ಕಾಲಂ ಹುಡುಕಿದ್ವಿ. ‘ನಾವು ವ್ಯಾಪಾರಕ್ಕೆ ಲಾಯಕ್ಕಿಲ್ಲ’ ಅನ್ನೋದಕ್ಕೆ ಪರೀಕ್ಷೆ ಇಲ್ಲ. ‘ಮಂಡಕ್ಕಿ ಯಾಕೆ ಮೆತ್ತಗಾಯ್ತು?’ ಅನ್ನೋದಕ್ಕೆ ಇದೆ.

ಪ್ಯಾಕೆಟ್‌ಗಳನ್ನ ಬಕೆಟ್ ನೀರಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿದ್ವಿ. ಕೆಲವಕ್ಕೆ ಅಂಚಿನಿಂದ ಗುಳ್ಳೆ ಬಂತು. ಮೇಣದಬತ್ತಿಯಲ್ಲಿ ಅಂಟಿಸಿದ ಕಡೆ ಸಣ್ಣ ತೂತು, ಅಲ್ಲಿಂದ ಹೊರಗಿನ ತೇವ ಒಳಗೆ ಹೋಗಿದೆ. ಕೆಲವಕ್ಕೆ ಗುಳ್ಳೆಯೇ ಇಲ್ಲ, ಆದರೂ ಮೆತ್ತಗೆ. ಅವು ಬಿಸಿ ಇದ್ದಾಗಲೇ ತುಂಬಿದವು, ಆವಿ ಒಳಗೇ ಉಳಿದಿತ್ತು. ಕಾರಣ ಎರಡು, ಪರಿಹಾರವೂ ಎರಡು. ಒಗ್ಗರಣೆ ಕಲಸಿದ ಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗೋವರೆಗೂ ಹುರಿದು, ಅಗಲವಾಗಿ ಹರವಿ, ಕೈಗೆ ಸ್ವಲ್ಪವೂ ಬಿಸಿ ತಾಗದಷ್ಟು ಆರಿದ ಮೇಲೆ ತುಂಬೋದು. ದಪ್ಪ ಕವರ್, ಜೊತೆಗೆ 1100 ರೂಪಾಯಿಯ ಸೀಲಿಂಗ್ ಮಷಿನ್. ಮುಂದಿನ 40ರಲ್ಲಿ ವಾಪಸ್ ಬಂದದ್ದು ಒಂದೇ.

ನಾಲ್ಕನೇ ಭಾನುವಾರ ಎಣಿಸಿದ್ವಿ. ಎರಡನೇ ಸಲ ಬಂದವರು 14. ಅದರಲ್ಲಿ 12 ಜನ ಮಲೆನಾಡು, ಕರಾವಳಿ, ಬೆಂಗಳೂರು ಕಡೆಯ ಹಾಸ್ಟೆಲ್‌ನವರು. ದಾವಣಗೆರೆ ಸುತ್ತಮುತ್ತಲಿನವರು ಇಬ್ಬರೇ. ಅಂದರೆ ಚಿಕ್ಕಪ್ಪನ ಮಾತು ಅರ್ಧ ನಿಜ: ದಾವಣಗೆರೆಯವರಿಗೆ ನಮ್ಮ ಮಂಡಕ್ಕಿ ಬೇಕಾಗಿಲ್ಲ. ರಾತ್ರಿ ಹನ್ನೊಂದಕ್ಕೆ ಲ್ಯಾಬ್ ರೆಕಾರ್ಡ್ ಬರೀತಾ ಹಸಿದು ಕೂತ ಹೊರಗಿನ ಹುಡುಗರಿಗೆ ಬೇಕು.

ಉಳಿದ ಒಂದು ತಪ್ಪು ಅಮ್ಮನ ಕೂಲಿ. ಅದನ್ನ ನಾವು ಬರೆದೇ ಇರಲಿಲ್ಲ. ಗಂಟೆಗೆ 50ರಂತೆ 100 ರೂಪಾಯಿ ಸೇರಿಸಿ, ದಪ್ಪ ಕವರ್‌ಗೆ ಇನ್ನೂ 40 ಸೇರಿಸಿದರೆ ಒಂದು ಸಲಕ್ಕೆ 760, ಪ್ಯಾಕೆಟ್‌ಗೆ 19. ಬೆಲೆ 30 ಮಾಡಿದ್ವಿ. ಇಬ್ಬರು ಬರೋದು ಬಿಟ್ಟರು, ಉಳಿದವರು ಬಂದರು. ನಲವತ್ತೂ ಹೋದರೆ 440 ಉಳಿಯುತ್ತೆ. ನಮ್ಮ ಹತ್ತು ಗಂಟೆಗೆ ಹಂಚಿದರೆ ಗಂಟೆಗೆ 44. ದೊಡ್ಡ ವ್ಯಾಪಾರ ಅಲ್ಲ. ಇದರಿಂದ ಫೀಸ್ ಕಟ್ಟೋಕಾಗಲ್ಲ ಅನ್ನೋದೂ ಈಗ ಗೊತ್ತು.

ಆರನೇ ವಾರ ನೋಟ್‌ಬುಕ್ ತಗೊಂಡು ಮನೆಯವರ ಮುಂದೆ ಕೂತ್ವಿ. ವಾದ ಮಾಡಲಿಲ್ಲ, ಮೆತ್ತಗಾದ 11 ಪ್ಯಾಕೆಟ್‌ನಿಂದಲೇ ಶುರು ಮಾಡಿದ್ವಿ. ಚಿಕ್ಕಪ್ಪ ಹಾಳೆ ತಿರುವಿ, ‘ಗ್ಯಾಸ್ ಬರ್ದೀರಲ್ಲ’ ಅಂದು ಸುಮ್ಮನಾದರು. ಅಪ್ಪ ಕೇಳಿದ್ದು ಒಂದೇ: ‘ಇಂಟರ್ನಲ್ಸ್ ಎಷ್ಟು ಬಂತು?’ ಅದೂ ಮೊದಲನೇ ಕಾಲಂನ ಪ್ರಶ್ನೆಯೇ. ಒಂದು ಸಬ್ಜೆಕ್ಟ್‌ನಲ್ಲಿ ಕಡಿಮೆ ಬಂದಿತ್ತು, ಹಾಗೇ ಹೇಳಿದ್ವಿ. ಸೆಮಿಸ್ಟರ್ ಪರೀಕ್ಷೆ ಮುಗಿಯೋವರೆಗೂ ಬಾಣಲೆ ಒಲೆ ಮೇಲೆ ಇಡಲ್ಲ ಅಂತಲೂ ಬರೆದ್ವಿ. ಹಾಳೆ ಮುಚ್ಚೋವಾಗ ಅಪ್ಪ ಒಂದು ಪ್ಯಾಕೆಟ್ ಒಡೆದು ತಿಂತಿದ್ದರು. ಅದನ್ನ ಲೆಕ್ಕದಲ್ಲಿ ‘ಮನೆಗೆ, 19 ರೂಪಾಯಿ’ ಅಂತ ಬರೆದಿದ್ದೀವಿ.