ಬಾಡಿಗೆ ಇಲ್ಲದ ತಿಂಗಳು, ವರ್ಷ ವರ್ಷ ಏರುವ ಬಾಡಿಗೆ: ಹೋಟೆಲ್, ಕ್ಲಿನಿಕ್ ಕರಾರುಗಳಿಂದ ಕಲಿತದ್ದು

ಬೆಂಗಳೂರಿನಲ್ಲಿ ಕಟ್ಟಡದ ಮಾಲೀಕರ ಪರವಾಗಿ ವಾಣಿಜ್ಯ ಬಾಡಿಗೆ ಕರಾರು ಕುದುರಿಸುವುದು ನನ್ನ ಕೆಲಸ. ಬಟ್ಟೆ ಅಂಗಡಿಗೆ ಜಾಗ ಕೊಟ್ಟರೆ ಅವರು ರ್‍ಯಾಕ್ ಜೋಡಿಸಿ, ಲೈಟ್ ಹಾಕಿ, ಎರಡು ವಾರದೊಳಗೆ ಶಟರ್ ಎತ್ತುತ್ತಾರೆ. ಹೋಟೆಲ್‌ನವರು ಹಾಗಲ್ಲ. ನೆಲ ಅಗೆದು ಡ್ರೈನೇಜ್ ಪೈಪ್ ಕೂರಿಸಬೇಕು, ಅಡುಗೆಮನೆಯ ಹೊಗೆ ಹೋಗಲು ಟೆರೇಸ್‌ವರೆಗೆ ಡಕ್ಟ್ ಎಳೆಯಬೇಕು, ಗ್ಯಾಸ್ ಲೈನ್ ಆಗಬೇಕು. ಹಲ್ಲಿನ ಕ್ಲಿನಿಕ್ ಎಂದರೂ ಒಂದೊಂದು ಕುರ್ಚಿಗೂ ನೀರು, ಗಾಳಿ, ಡ್ರೈನ್, ಕರೆಂಟು ನೆಲದೊಳಗಿನಿಂದಲೇ ಬರಬೇಕು. ವ್ಯಾಪಾರ ಶುರುವಾಗದೆ ಬಾಡಿಗೆ ಕಟ್ಟುವುದು ಅವರಿಗೆ ಕಷ್ಟ. ಅದಕ್ಕೇ ‘ಇಂಟೀರಿಯರ್ ಮುಗಿಯುವವರೆಗೆ ಬಾಡಿಗೆ ಬೇಡ’ ಎಂದು ಕೇಳುತ್ತಾರೆ.

ಈಚೆಗಿನ ಒಂದು ಕರಾರನ್ನೇ ಇಟ್ಟುಕೊಂಡು ಹೇಳುತ್ತೇನೆ. ವಿಜಯನಗರದಲ್ಲಿ ನೆಲಮಹಡಿ, 1,800 ಚದರಡಿ, ತಿಂಗಳಿಗೆ 1,50,000 ರೂಪಾಯಿ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್, ಆರು ವರ್ಷದ ಅವಧಿ. ಬಂದವರು ಸಸ್ಯಾಹಾರಿ ಹೋಟೆಲ್‌ನವರು. ಅವರು ಕೇಳಿದ್ದು ನಾಲ್ಕು ತಿಂಗಳು ಬಾಡಿಗೆ ಬೇಡ, ಆಮೇಲೆ ಮೂರು ವರ್ಷಕ್ಕೊಮ್ಮೆ 15% ಏರಿಕೆ. ಓನರ್ ಹೇಳಿದ್ದು ಒಂದೇ ತಿಂಗಳು ಬಿಡುತ್ತೇನೆ, ವರ್ಷಕ್ಕೆ 5% ಏರಿಸಿ.

1. ಎಷ್ಟು ದಿನ ಎಂಬುದಕ್ಕಿಂತ ಮೊದಲು, ಯಾವ ದಿನದಿಂದ ಎಂದು ತೀರ್ಮಾನಿಸಿ

‘90 ದಿನ ರೆಂಟ್-ಫ್ರೀ’ ಎಂದಷ್ಟೇ ಬರೆದ ಕರಾರಿನಲ್ಲಿ ಜಗಳ ಖಂಡಿತ. ಬೀಗದ ಕೈ ಕೊಟ್ಟ ದಿನದಿಂದ ಎಂದು ಓನರ್ ಎಣಿಸುತ್ತಾರೆ. ಕರೆಂಟು, ನೀರು ಎಲ್ಲ ಸರಿಯಾದ ದಿನದಿಂದ ಎಂದು ಹೋಟೆಲ್‌ನವರು ಎಣಿಸುತ್ತಾರೆ. ನಮ್ಮ ಕಟ್ಟಡದ ಮೀಟರಿನಲ್ಲಿ ಮಂಜೂರಾಗಿದ್ದ ಲೋಡ್ 5 ಕಿಲೋವ್ಯಾಟ್. ಹೋಟೆಲ್‌ಗೆ ಬೇಕಾಗಿದ್ದು 25. ಬೆಸ್ಕಾಂಗೆ ಅರ್ಜಿ ಹೋಗಬೇಕಾದದ್ದು ಓನರ್ ಹೆಸರಿನಲ್ಲಿ, ಏಕೆಂದರೆ ಆರ್‌ಆರ್ ನಂಬರ್ ಅವರದು.

ಲೋಡ್ ಬರುವವರೆಗೆ ಬಾಡಿಗೆಯ ಗಡಿಯಾರ ನಿಂತಿರಬೇಕು ಎಂಬುದು ಬಾಡಿಗೆದಾರರ ಬೇಡಿಕೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇಂಟೀರಿಯರ್ ಕೆಲಸ ನಡೆಯುವ ಕ್ರಮ ನೋಡಿ. ಮೊದಲ ತಿಂಗಳು ಒಡೆಯುವುದು, ಪ್ಲಂಬಿಂಗ್, ವಾಟರ್‌ಪ್ರೂಫಿಂಗ್. ಅದಕ್ಕೆ ಇರುವ ಕರೆಂಟೇ ಸಾಕು. ನಂತರ ಟೈಲ್ಸ್, ಡಕ್ಟ್, ಸೀಲಿಂಗ್. ಇಡ್ಲಿ ಸ್ಟೀಮರ್, ಗ್ರೈಂಡರ್, ಕೋಲ್ಡ್ ಸ್ಟೋರೇಜ್ ಬಂದು ಕೂರುವುದು ಕೊನೆಯ ತಿಂಗಳಲ್ಲಿ. ಪೂರ್ತಿ ಲೋಡ್ ನಿಜವಾಗಿ ಬೇಕಾಗುವುದು ಆಗ.

ಹಾಗಾಗಿ ಓನರ್ ಮಾಡಿಕೊಡಬೇಕಾದ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಗಡುವು ಬರೆದೆವು. ಡಕ್ಟ್ ಹೋಗುವ ದಾರಿಗೆ, ಅಂದರೆ ಮೇಲಿನ ಮಹಡಿಗಳ ಹಿಂಗೋಡೆ ಮತ್ತು ಟೆರೇಸಿಗೆ, ಲಿಖಿತ ಒಪ್ಪಿಗೆ ಮೊದಲ ದಿನವೇ. ಡ್ರೈನೇಜ್ ಸಂಪರ್ಕ, ಗ್ರೀಸ್ ಟ್ರ್ಯಾಪ್ ಇಡುವ ಜಾಗ 15 ದಿನದೊಳಗೆ. ಲೋಡ್ 60 ದಿನದೊಳಗೆ. ಈ ಗಡುವು ಮೀರಿದರೆ ಮಾತ್ರ, ಮೀರಿದಷ್ಟು ದಿನ ರೆಂಟ್-ಫ್ರೀ ಅವಧಿ ಮುಂದಕ್ಕೆ ಹೋಗುತ್ತದೆ. ಜೂನ್ 1ಕ್ಕೆ ಜಾಗ ಒಪ್ಪಿಸಿದೆವು, ಜುಲೈ 6ಕ್ಕೆ ಲೋಡ್ ಬಂತು. ‘35 ದಿನ ಹೋಯಿತಲ್ಲ’ ಎಂದು ಹೋಟೆಲ್‌ನವರು ಕೇಳಿದಾಗ ಕರಾರಿನ ಆ ಸಾಲು ತೋರಿಸಿದೆವು, ಮಾತು ಅಲ್ಲಿಗೇ ಮುಗಿಯಿತು. ಕೊನೆಗೆ ಒಪ್ಪಿಕೊಂಡಿದ್ದ 90 ದಿನ ಆಗಸ್ಟ್ 29ಕ್ಕೆ ಮುಗಿದು, 30ರಿಂದ ಬಾಡಿಗೆ ಶುರುವಾಯಿತು.

ಇದರ ಜೊತೆಗೆ ಇನ್ನೊಂದು ಸಾಲು ಇರಲೇಬೇಕು. 90 ದಿನ ಮುಗಿದ ಮರುದಿನ ಅಥವಾ ಗಿರಾಕಿಗೆ ಬಿಲ್ಲು ಹಾಕಿದ ಮೊದಲ ದಿನ, ಇವೆರಡರಲ್ಲಿ ಯಾವುದು ಮೊದಲೋ ಆ ದಿನದಿಂದ ಬಾಡಿಗೆ. ಟ್ರೇಡ್ ಲೈಸೆನ್ಸ್, ಆಹಾರ ಪರವಾನಗಿ ತಡವಾದರೆ ಅದು ಬಾಡಿಗೆದಾರರ ಹೊಣೆ. ಆದರೆ ಅದಕ್ಕೆ ಬೇಕಾದ ಓನರ್ ಕಡೆಯ ಕಾಗದಗಳಾದ ಖಾತೆ, ಕಂದಾಯ ರಸೀದಿ, ಕಟ್ಟಡದ ನಕ್ಷೆ ಜಾಗ ಒಪ್ಪಿಸುವ ದಿನವೇ ಕೈಗೆ ಸೇರಬೇಕು. ನಕ್ಷೆಯಲ್ಲಿ ವಾಸದ ಮನೆ ಎಂದಿದ್ದು ಕೆಳಗೆ ಹೋಟೆಲ್ ಕೂರಿಸಲು ಹೊರಟರೆ ಯಾವ ಷರತ್ತೂ ಕಾಪಾಡುವುದಿಲ್ಲ. ಅದನ್ನು ಅಡ್ವಾನ್ಸ್ ಪಡೆಯುವ ಮೊದಲೇ ನೋಡಿಕೊಳ್ಳಬೇಕು.

2. ಬಿಟ್ಟುಕೊಡುವ ತಿಂಗಳು, ಏರುವ ಬಾಡಿಗೆ ಎರಡನ್ನೂ ಒಂದೇ ಹಾಳೆಯಲ್ಲಿ ಲೆಕ್ಕ ಹಾಕಿ

ಇವನ್ನು ಎರಡು ಬೇರೆ ಬೇರೆ ಚೌಕಾಸಿ ಎಂದುಕೊಂಡಾಗ ಓನರ್ ಸಾಮಾನ್ಯವಾಗಿ ಚಿಕ್ಕದನ್ನು ಉಳಿಸಿಕೊಂಡು ದೊಡ್ಡದನ್ನು ಕಳೆದುಕೊಳ್ಳುತ್ತಾರೆ. ಕಣ್ಣೆದುರು ಕಾಣುವ ನಷ್ಟ ಮೊದಲ ಮೂರು ತಿಂಗಳದು. ಏರಿಕೆಯ ನಷ್ಟ ಕಾಣಿಸುವುದು ನಾಲ್ಕೈದು ವರ್ಷ ಕಳೆದ ಮೇಲೆ.

‘ವರ್ಷಕ್ಕೆ 5 ಆದರೇನು, ಮೂರು ವರ್ಷಕ್ಕೆ 15 ಆದರೇನು, ಎಲ್ಲ ಒಂದೇ’ ಎನ್ನುವವರು ಬಹಳ. ಒಂದೇ ಅಲ್ಲ. 1,50,000ದಿಂದ ಶುರು ಮಾಡಿ ವರ್ಷಕ್ಕೆ 5% ಏರಿಸಿದರೆ ಬಾಡಿಗೆ ಕಟ್ಟುವ ಆರು ವರ್ಷಗಳಲ್ಲಿ ಕೈಸೇರುವ ಮೊತ್ತ ಸುಮಾರು 1 ಕೋಟಿ 22 ಲಕ್ಷದ 43 ಸಾವಿರ. ಮೂರು ವರ್ಷಕ್ಕೊಮ್ಮೆ 15% ಆದರೆ 1 ಕೋಟಿ 16 ಲಕ್ಷದ 10 ಸಾವಿರ. ವ್ಯತ್ಯಾಸ 6 ಲಕ್ಷದ 33 ಸಾವಿರ, ಅಂದರೆ ಮೊದಲ ವರ್ಷದ ದರದಲ್ಲಿ ನಾಲ್ಕು ತಿಂಗಳಿಗೂ ಮಿಕ್ಕಿದ ಬಾಡಿಗೆ. ವಿಜಯನಗರದ ಓನರ್‌ಗೆ ಈ ಹಾಳೆ ತೋರಿಸಿದ ಮೇಲೆ ‘ಒಂದೇ ತಿಂಗಳು’ ಎಂಬ ಹಟ ಬಿಟ್ಟರು. ಮೂರು ತಿಂಗಳು ಬಿಟ್ಟುಕೊಟ್ಟೆವು, ವರ್ಷಕ್ಕೆ 5% ಪಡೆದೆವು. ಹೋಟೆಲ್‌ನವರಿಗೂ ಇದು ಒಳ್ಳೆಯದೇ. ದುಡ್ಡಿನ ಅಡಚಣೆ ಅವರಿಗೆ ಇರುವುದು ಬಾಗಿಲು ತೆರೆಯುವ ಮೊದಲು. ವ್ಯಾಪಾರ ಕುದುರಿದ ಮೇಲೆ ತಿಂಗಳಿಗೆ ಏಳೆಂಟು ಸಾವಿರದ ಏರಿಕೆ ಅಷ್ಟು ಭಾರವಾಗುವುದಿಲ್ಲ.

ಈ ಲೆಕ್ಕಕ್ಕೊಂದು ಮಿತಿ ಇದೆ. ಅವರು ಮೂರೇ ವರ್ಷಕ್ಕೆ ಎದ್ದು ಹೋದರೆ 5%ರಿಂದ ಸಿಕ್ಕ ಹೆಚ್ಚುವರಿ ಬರೀ 2 ಲಕ್ಷದ 74 ಸಾವಿರ, ಬಿಟ್ಟುಕೊಟ್ಟದ್ದು ನಾಲ್ಕೂವರೆ ಲಕ್ಷ. ಮುಂದಿನ ಪಾಠ ಇಲ್ಲಿಂದಲೇ ಹುಟ್ಟುತ್ತದೆ.

3. ಬಿಟ್ಟ ಬಾಡಿಗೆಯನ್ನು ಲಾಕ್-ಇನ್‌ಗೆ ಕಟ್ಟಿಹಾಕಿ

ಲಾಕ್-ಇನ್ ಅವಧಿಯ ಮಧ್ಯದಲ್ಲಿ ಬಿಟ್ಟುಹೋದರೆ ಉಳಿದ ಎಲ್ಲ ತಿಂಗಳ ಬಾಡಿಗೆ ಕೊಡಬೇಕು ಎಂದು ಬರೆಸುವುದು ರೂಢಿ. ಅಷ್ಟೂ ವಸೂಲಾಗುತ್ತದೆ ಎಂದು ನಂಬಿ ಕೂರಬೇಡಿ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯಾಲಯ ಕೊಡಿಸುವುದು ನ್ಯಾಯಯುತ ಎನಿಸುವಷ್ಟು ಪರಿಹಾರ ಮಾತ್ರ. ಕಾಗದದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ ಅಷ್ಟೇ.

ಬಿಟ್ಟುಕೊಟ್ಟ ಬಾಡಿಗೆಯ ಮಾತು ಬೇರೆ. ಅದು ಎಣಿಸಿ ತೋರಿಸಬಹುದಾದ ಹಣ. ನಮ್ಮ ಕರಾರಿನಲ್ಲಿ ಹೀಗೆ ಬರೆದೆವು: ಬಾಡಿಗೆ ಶುರುವಾದ ದಿನದಿಂದ 36 ತಿಂಗಳು ಉಳಿಯುತ್ತಾರೆಂಬ ಷರತ್ತಿನ ಮೇಲೆ 4,50,000 ರೂಪಾಯಿ ಬಿಡಲಾಗಿದೆ. ಒಂದೊಂದು ತಿಂಗಳು ಕಳೆದಂತೆ ಅದರಲ್ಲಿ 12,500 ತೀರುತ್ತದೆ. 20ನೇ ತಿಂಗಳ ಕೊನೆಗೆ ಹೊರಟರೆ ಉಳಿದ 16 ತಿಂಗಳಿಗೆ ಎರಡು ಲಕ್ಷ ಅಡ್ವಾನ್ಸ್‌ನಿಂದ ಕಡಿತ. ಓನರ್ ಕಡೆಯ ತಪ್ಪಿನಿಂದ ಜಾಗ ಬಿಡಬೇಕಾಗಿ ಬಂದರೆ ಕಡಿತವಿಲ್ಲ. ಈ ಕೊನೆಯ ವಾಕ್ಯವನ್ನು ಬಾಡಿಗೆದಾರರು ಕೇಳುವ ಮೊದಲೇ ನಾವೇ ಸೇರಿಸಿದೆವು. ಅದಿದ್ದರೆ ಉಳಿದದ್ದಕ್ಕೆ ಅವರು ಸುಲಭವಾಗಿ ಒಪ್ಪುತ್ತಾರೆ, ಒಪ್ಪಬೇಕಾದದ್ದೂ ಹಾಗೆಯೇ.

4. ಏರಿಕೆ ಯಾವ ತಾರೀಖಿನಿಂದ, ಯಾವುದರ ಮೇಲೆ

ವರ್ಷ ಎಣಿಸುವುದು ಜಾಗ ಒಪ್ಪಿಸಿದ ಜೂನ್‌ನಿಂದಲೋ, ಬಾಡಿಗೆ ಶುರುವಾದ ಆಗಸ್ಟ್ ಕೊನೆಯಿಂದಲೋ? ಈ ಮೂರು ತಿಂಗಳ ಅಂತರ ಐದು ಏರಿಕೆಗಳಿಗೂ ಅಂಟಿಕೊಳ್ಳುತ್ತದೆ. ಕೂಡಿದರೆ 1,24,000ಕ್ಕೂ ಹೆಚ್ಚು. ನಾವು ಬಾಡಿಗೆ ಶುರುವಾದ ದಿನದಿಂದಲೇ ಎಣಿಸಲು ಒಪ್ಪಿದೆವು, ಹಾಗೆ ಒಪ್ಪಿದ್ದಕ್ಕೆ ಪ್ರತಿಯಾಗಿ ಮೇಲೆ ಹೇಳಿದ ಕಡಿತದ ಷರತ್ತು ಪಡೆದೆವು. ‘ಕೊನೆಯದಾಗಿ ಕೊಡುತ್ತಿದ್ದ ಬಾಡಿಗೆಯ ಮೇಲೆ 5%’ ಎಂದೇ ಬರೆಸಿ. ‘ಬಾಡಿಗೆಯ ಮೇಲೆ 5%’ ಎಂದಷ್ಟೇ ಇದ್ದರೆ ಮೂಲ 1,50,000ದ ಮೇಲೆಯೇ ಪ್ರತಿ ವರ್ಷ 7,500 ಎಂದು ವಾದಿಸುವವರಿದ್ದಾರೆ. ಇದೆಲ್ಲದಕ್ಕಿಂತ ಒಳ್ಳೆಯದು, ಆರು ವರ್ಷದ ಬಾಡಿಗೆಯನ್ನು ತಾರೀಖು ಸಮೇತ ಒಂದು ಪಟ್ಟಿ ಮಾಡಿ ಕರಾರಿಗೆ ಲಗತ್ತಿಸುವುದು.

5. ಡಾಕ್ಟರ ಜೊತೆ ಮಾತಾಡುವಾಗ ನಾಲ್ಕನೇ ವರ್ಷವನ್ನು ನೋಡಿ

ಕ್ಲಿನಿಕ್‌ಗೆ ಇಂಟೀರಿಯರ್ ಅವಧಿ ಕಡಿಮೆ ಸಾಕು, 45ರಿಂದ 60 ದಿನ. ಅವರಿಗೆ ನಿಜವಾದ ಕಷ್ಟ ತೆರೆದ ಮೇಲಿನ ಮೊದಲ ಆರು ತಿಂಗಳು, ರೋಗಿಗಳು ಒಬ್ಬೊಬ್ಬರಾಗಿ ಬರುವ ಕಾಲ. ಹಾಗಾಗಿ ಇನ್ನೊಂದು ತಿಂಗಳು ಪೂರ್ತಿ ಬಿಡುವ ಬದಲು ಮೊದಲ ಆರು ತಿಂಗಳು ಬಾಡಿಗೆ ಕಡಿಮೆ ಮಾಡಿಕೊಡಿ ಎಂದು ಸಲಹೆ ಕೊಡುತ್ತೇನೆ. ಆದರೆ ಏರಿಕೆಯನ್ನು ಪೂರ್ತಿ ಬಾಡಿಗೆಯ ಮೇಲೇ ಲೆಕ್ಕ ಹಾಕಬೇಕು, ಕಡಿಮೆ ಮಾಡಿದ ಮೊತ್ತದ ಮೇಲಲ್ಲ.

ಕ್ಲಿನಿಕ್ ಕರಾರಿನಲ್ಲಿ ಎಲ್ಲರ ಕಣ್ಣು ತಪ್ಪುವುದು ಜಿಎಸ್‌ಟಿ. ತಿಂಗಳಿಗೆ 1,50,000 ಎಂದರೆ ವರ್ಷಕ್ಕೆ 18 ಲಕ್ಷ. ಓನರ್‌ಗೆ ಬೇರೆ ಬಾಡಿಗೆ, ಬೇರೆ ವ್ಯಾಪಾರ ಇಲ್ಲದಿದ್ದರೆ 20 ಲಕ್ಷದ ಮಿತಿಯೊಳಗೆ ಬರುತ್ತಾರೆ, ನೋಂದಣಿ ಬೇಕಿಲ್ಲ. 5% ಏರುತ್ತಾ ಮೂರನೇ ವರ್ಷ ವಾರ್ಷಿಕ ಬಾಡಿಗೆ 19.85 ಲಕ್ಷ, ನಾಲ್ಕನೇ ವರ್ಷ 20.84 ಲಕ್ಷ. ಮಿತಿ ದಾಟಿತು. ಅಲ್ಲಿಂದ 18% ಜಿಎಸ್‌ಟಿ. ಡಾಕ್ಟರ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಬಾಡಿಗೆಯ ಮೇಲೆ ಕಟ್ಟಿದ ತೆರಿಗೆಯನ್ನು ಅವರು ಎಲ್ಲೂ ಹೊಂದಿಸಿಕೊಳ್ಳುವಂತಿಲ್ಲ, ಅದು ಪೂರ್ತಿ ಖರ್ಚು. ಮೂರನೇ ವರ್ಷ 1,65,375 ಕಟ್ಟುತ್ತಿದ್ದವರಿಗೆ ನಾಲ್ಕನೇ ವರ್ಷ 1,73,644 ಬಾಡಿಗೆ, ತೆರಿಗೆ ಸೇರಿ ಹೆಚ್ಚುಕಡಿಮೆ 2,04,900. 5% ಎಂದುಕೊಂಡದ್ದು 24%ರ ಹತ್ತಿರ ಹೋಯಿತು. ‘ಬಾಡಿಗೆ ಎಲ್ಲ ತೆರಿಗೆ ಸೇರಿ’ ಎಂದು ಬರೆದಿದ್ದರೆ ಆ 18% ಓನರ್ ಜೇಬಿನಿಂದ ಹೋಗುತ್ತದೆ. ‘ಜಿಎಸ್‌ಟಿ ಅನ್ವಯವಾದಾಗ ಬಾಡಿಗೆಯ ಮೇಲೆ ಪ್ರತ್ಯೇಕ’ ಎಂದು ಬರೆದು, ನಾಲ್ಕನೇ ವರ್ಷದ ಅಂಕಿಯನ್ನು ಡಾಕ್ಟರಿಗೆ ಸಹಿ ಹಾಕುವ ಮೊದಲೇ ತೋರಿಸಿ. ಆಗ ಅವರು ಏರಿಕೆಯನ್ನು 4%ಕ್ಕೆ ಇಳಿಸಲು ಕೇಳಬಹುದು. ಕೇಳಲಿ. ನಾಲ್ಕನೇ ವರ್ಷ ಮನಸ್ತಾಪವಾಗಿ, ನೆಲದೊಳಗೆ ಪೈಪ್ ತುಂಬಿದ ಜಾಗ ಖಾಲಿ ಬೀಳುವುದಕ್ಕಿಂತ ಅದು ಎಷ್ಟೋ ಮೇಲು.

ಹೋಟೆಲ್ ವಿಷಯದಲ್ಲಿ ಈ ಆಘಾತ ಮೊದಲ ದಿನವೇ ಆಗಿಬಿಡುತ್ತದೆ. ಊಟದ ಬಿಲ್ಲಿಗೆ 5% ಹಾಕುವ ನೋಂದಾಯಿತ ಹೋಟೆಲ್, ಓನರ್ ನೋಂದಣಿ ಇಲ್ಲದವರಾದರೂ ವಾಣಿಜ್ಯ ಬಾಡಿಗೆಯ ಮೇಲಿನ 18%ನ್ನು 2024ರ ಅಕ್ಟೋಬರ್‌ನಿಂದ ತಾನೇ ಕಟ್ಟಬೇಕು, ವಾಪಸೂ ಸಿಗದು. ಅವರಿಗೆ 1,50,000 ಎಂದರೆ ಕೈಯಿಂದ ಹೋಗುವುದು 1,77,000. ಚೌಕಾಸಿಗೆ ಕೂತಾಗ ಓನರ್ ಈ ಅಂಕಿಯನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

6. ಹನ್ನೊಂದು ತಿಂಗಳ ಕಾಗದದಲ್ಲಿ ಆರು ವರ್ಷದ ಮಾತು ನಿಲ್ಲುವುದಿಲ್ಲ

ಒಂದು ವರ್ಷಕ್ಕೂ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಮುದ್ರಾಂಕ ಶುಲ್ಕ ಉಳಿಸಲು ಹನ್ನೊಂದು ತಿಂಗಳ ಕರಾರು ಮಾಡಿ, ಒಳಗೆ ಆರು ವರ್ಷದ ಏರಿಕೆ, ಮೂರು ವರ್ಷದ ಲಾಕ್-ಇನ್ ಬರೆದಿಟ್ಟರೆ, ವ್ಯಾಜ್ಯ ಬಂದ ದಿನ ಅದು ತಿಂಗಳ ಬಾಡಿಗೆಯ ಒಪ್ಪಂದವಷ್ಟೇ ಆಗಿ ಉಳಿಯಬಹುದು. 15 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಹೊರಡಬಹುದು, ಹೊರಡಿಸಬಹುದು. ಅಷ್ಟು ಹೊತ್ತಿಗೆ ಓನರ್ ಮೂರು ತಿಂಗಳ ಬಾಡಿಗೆ ಬಿಟ್ಟಿರುತ್ತಾರೆ, ಹೋಟೆಲ್‌ನವರು ನೆಲ, ಗೋಡೆ, ಡಕ್ಟ್‌ಗೆ ಲಕ್ಷಗಟ್ಟಲೆ ಸುರಿದಿರುತ್ತಾರೆ. ಆದ್ದರಿಂದ ವಿಜಯನಗರದಲ್ಲಿ ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮುಗಿಸಿ, ಮೀಟರ್ ರೀಡಿಂಗ್ ಬರೆದುಕೊಂಡು, ಗೋಡೆ-ನೆಲದ ಫೋಟೊ ತೆಗೆದು, ಎರಡೂ ಕಡೆಯವರ ಸಹಿ ಪಡೆದ ಮೇಲೆಯೇ ಶಟರಿನ ಕೀಲಿಕೈ ಕೊಟ್ಟೆವು.