ಒಳಗೆ ಎಷ್ಟು ಜನ ಇದ್ದರು? ಫ್ಯಾಕ್ಟರಿಗೆ ಬೆಂಕಿ ಬಿದ್ದ ದಿನ ಯಾರಿಗೆ, ಯಾವಾಗ, ಏನು ಹೇಳಬೇಕು

2023ರ ಅಕ್ಟೋಬರ್ 7, ಶನಿವಾರ ಮಧ್ಯಾಹ್ನ, ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಒಂದು ಪಟಾಕಿ ಅಂಗಡಿ ಮತ್ತು ಗೋದಾಮಿಗೆ ಬೆಂಕಿ ಬಿತ್ತು. ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರು ಕಡೆ ಹೋಗುವಾಗ ಗಡಿಗೆ ಸ್ವಲ್ಪ ಮುಂಚೆ ಸಿಗುವ ಊರು ಅದು. ಸತ್ತವರ ಸಂಖ್ಯೆ ಏರುತ್ತಾ ಹೋಗಿ ಕೊನೆಗೆ 17ಕ್ಕೆ ಬಂತು. ಅವರಲ್ಲಿ ಬಹಳಷ್ಟು ಜನ ದೀಪಾವಳಿ ಸೀಸನ್ ಕೆಲಸಕ್ಕೆ ಅಂತ ತಮಿಳುನಾಡಿನಿಂದ ಬಂದಿದ್ದ ನಮ್ಮ ವಯಸ್ಸಿನ ಹುಡುಗರು. ಅಪ್ಪ ಅಮ್ಮ ಇದ್ದದ್ದು ಧರ್ಮಪುರಿ ಕಡೆಯ ಹಳ್ಳಿಗಳಲ್ಲಿ.

ಅದು ಗೋದಾಮು, ಫ್ಯಾಕ್ಟರಿ ಅಲ್ಲ. ಆದರೂ ನಾವು ಅದರಿಂದಲೇ ಶುರು ಮಾಡ್ತಿದ್ದೀವಿ. ಯಾಕೆಂದರೆ ಪೀಣ್ಯ, ವೈಟ್‌ಫೀಲ್ಡ್, ಬೊಮ್ಮಸಂದ್ರದ ಎಷ್ಟೋ ಘಟಕಗಳ ಪರಿಸ್ಥಿತಿಯೂ ಹೀಗೇ ಇದೆ. ಕೆಲಸ ಮಾಡೋರು ಒಂದು ಕಡೆ, ಅವರ ಮನೆಯವರು ಇನ್ನೊಂದು ರಾಜ್ಯದಲ್ಲಿ, ಮಧ್ಯದಲ್ಲಿ ಇರೋದು ಒಂದು ಫೋನ್ ಮಾತ್ರ. ಬೆಂಕಿ ಬಿದ್ದಾಗ ಆ ಕಡೆಯಿಂದ ಬರುವ ಪ್ರಶ್ನೆ ಒಂದೇ: ನಮ್ಮ ಹುಡುಗ ಎಲ್ಲಿ?

ಕ್ರೈಸಿಸ್ ಕಮ್ಯುನಿಕೇಶನ್ ಪ್ಲಾನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಪ್ರೆಸ್ ನೋಟ್. ಅದು ಕೊನೆಯ ಭಾಗ. ಪ್ಲಾನ್‌ನ ತಳಪಾಯ ಒಂದು ಪಟ್ಟಿ: ಈ ಕ್ಷಣ ಕಾಂಪೌಂಡ್ ಒಳಗೆ ಯಾರ್ಯಾರು ಇದ್ದಾರೆ ಅನ್ನೋದು. ನೌಕರರು, ಮನೆಯವರು, ಸರ್ಕಾರಿ ಅಧಿಕಾರಿಗಳು, ಪತ್ರಕರ್ತರು, ಈ ನಾಲ್ಕೂ ಗುಂಪಿಗೆ ಹೇಳುವ ಮಾತು ಆ ಒಂದೇ ಪಟ್ಟಿಯಿಂದ ಹುಟ್ಟಬೇಕು. ಪಟ್ಟಿ ತಪ್ಪಿದರೆ ನಾಲ್ಕು ಕಡೆಯೂ ಸುಳ್ಳು ಹೇಳಿದ ಹಾಗೆ ಆಗುತ್ತೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಪೀಣ್ಯ ಎರಡನೇ ಹಂತದಲ್ಲಿ ಒಂದು ಘಟಕ ಇದೆ ಅಂದುಕೊಳ್ಳಿ. ಶೀಟ್ ಮೆಟಲ್ ಕೆಲಸ, ಜೊತೆಗೆ ಒಂದು ಪೇಂಟ್ ಶಾಪ್. ಎರಡನೇ ಶಿಫ್ಟ್‌ನಲ್ಲಿ ಸಂಜೆ 4:10ಕ್ಕೆ ಪೇಂಟ್ ಶಾಪ್‌ನ ಥಿನ್ನರ್‌ಗೆ ಬೆಂಕಿ ಹತ್ತಿಕೊಳ್ಳುತ್ತೆ. ಸೈರನ್ ಆಗುತ್ತೆ, 112ಕ್ಕೆ ಕರೆ ಹೋಗುತ್ತೆ, ಎಲ್ಲರೂ ಓಡಿ ಹೊರಗೆ ಬರ್ತಾರೆ. ಎಚ್‌ಆರ್ ಹತ್ತಿರ ಹಾಜರಾತಿ ಇದೆ, 84 ಜನ. ಆದರೆ ಅದು ಕಾಯಂ ನೌಕರರ ಲೆಕ್ಕ ಮಾತ್ರ. ಗುತ್ತಿಗೆದಾರನ ಕಡೆಯವರು 43 ಜನ, ಅವರ ಮಸ್ಟರ್ ಗುತ್ತಿಗೆದಾರನ ಬ್ಯಾಗ್‌ನಲ್ಲಿದೆ. ಕ್ಯಾಂಟೀನ್, ಹೌಸ್‌ಕೀಪಿಂಗ್, ಸೆಕ್ಯುರಿಟಿ ಸೇರಿ 9. ಜೊತೆಗೆ ಹೊರಗಿನವರು 4: ಲಾರಿ ಡ್ರೈವರ್, ಅವನ ಕ್ಲೀನರ್, ಮಷೀನ್ ರಿಪೇರಿಗೆ ಬಂದ ಒಬ್ಬ ಸರ್ವಿಸ್ ಎಂಜಿನಿಯರ್, ಮತ್ತೆ ನಮ್ಮ ಥರದ ಒಬ್ಬ ಇಂಟರ್ನ್. ಒಟ್ಟು 140. ಎಚ್‌ಆರ್ ಸಾಫ್ಟ್‌ವೇರ್ ನೋಡಿ ಮಾತಾಡಿದರೆ 56 ಜನ ಲೆಕ್ಕದಲ್ಲೇ ಇಲ್ಲ.

ಹಾಗಾಗಿ ಪ್ಲಾನ್‌ನ ಮೊದಲ ಕೆಲಸ ಗೇಟ್‌ನಲ್ಲಿ ಆಗಬೇಕು. ಒಳಗೆ ಕಾಲಿಡುವ ಪ್ರತಿಯೊಬ್ಬರ ಹೆಸರು, ಮನೆಯವರ ಒಂದು ಫೋನ್ ನಂಬರ್, ಮನೆಯಲ್ಲಿ ಮಾತಾಡುವ ಭಾಷೆ, ಈ ಮೂರು ಗೇಟ್ ರಿಜಿಸ್ಟರ್‌ನಲ್ಲಿ ಇರಬೇಕು. ಭಾಷೆ ಯಾಕೆ ಅಂದರೆ, ಒಡಿಶಾದ ಒಂದು ಹಳ್ಳಿಗೆ ಫೋನ್ ಮಾಡಿ ಇಂಗ್ಲಿಷ್‌ನಲ್ಲಿ ವಿಷಯ ತಿಳಿಸೋಕಾಗಲ್ಲ. ಪ್ರತಿ ಶಿಫ್ಟ್ ಶುರುವಾದ ಮೇಲೆ ಇದರ ಒಂದು ಪ್ರಿಂಟ್ ಗೇಟ್‌ನಲ್ಲೇ ಉಳಿಯಬೇಕು. ಪಟ್ಟಿ ಇರುವ ಕಂಪ್ಯೂಟರ್ ಉರಿಯುವ ಕಟ್ಟಡದ ಒಳಗಿದ್ದರೆ ಏನೂ ಪ್ರಯೋಜನ ಇಲ್ಲ.

ಈಗ ಅಸೆಂಬ್ಲಿ ಪಾಯಿಂಟ್‌ಗೆ ಬರೋಣ. ಅಲ್ಲಿ ತಲೆ ಎಣಿಸಿದರೆ 131. ಒಂಬತ್ತು ಜನ ಇಲ್ಲ. ಇಲ್ಲಿ "ಒಂಬತ್ತು ಜನ ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆ" ಅಂತ ಯಾರಾದರೂ ಬಾಯಿ ಬಿಟ್ಟರೆ ಹತ್ತು ನಿಮಿಷದಲ್ಲಿ ಅದು ಟಿವಿಯಲ್ಲಿ ಬರುತ್ತೆ. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಮೂರು ಕಾಲಂ ಸಾಕು: ಸುರಕ್ಷಿತ (ಕಣ್ಣಾರೆ ನೋಡಿದವರ ಹೆಸರಿನ ಜೊತೆ), ಆಸ್ಪತ್ರೆಯಲ್ಲಿ (ಯಾವ ಆಸ್ಪತ್ರೆ), ಇನ್ನೂ ಸಿಕ್ಕಿಲ್ಲ. ಹುಡುಕಿದಾಗ ಗೊತ್ತಾಗುತ್ತೆ, ನಾಲ್ಕು ಜನ ಹಿಂದಿನ ಗೇಟ್‌ನಿಂದ ಓಡಿ ರೂಮಿಗೆ ಹೋಗಿದ್ದಾರೆ. ಮೂವರನ್ನು ಜೊತೆಯವರೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಇಬ್ಬರು ಮಾತ್ರ ನಿಜವಾಗಿ ಸಿಕ್ಕಿಲ್ಲ. ಆ ಇಬ್ಬರ ಹೆಸರು, ಕೊನೆಯ ಸಲ ಕಂಡ ಜಾಗ, ಇದನ್ನು ಮೊದಲು ಹೇಳಬೇಕಾದ್ದು ಅಗ್ನಿಶಾಮಕ ದಳದ ಅಧಿಕಾರಿಗೆ. ಎಲ್ಲಿ ಹುಡುಕಬೇಕು ಅಂತ ಅವರಿಗೆ ಗೊತ್ತಾಗೋದೇ ಇದರಿಂದ.

ಎರಡನೇ ಗುಂಪು ಮನೆಯವರು. ತುಂಬ ಫ್ಯಾಕ್ಟರಿಗಳಲ್ಲಿ, ಮುಖ್ಯವಾಗಿ ಎಲೆಕ್ಟ್ರಾನಿಕ್ಸ್ ಘಟಕಗಳಲ್ಲಿ, ಶಾಪ್ ಫ್ಲೋರಿಗೆ ಫೋನ್ ತಗೊಂಡು ಹೋಗೋ ಹಾಗಿಲ್ಲ. ಫೋನ್ ಲಾಕರ್‌ನಲ್ಲಿ ಇರುತ್ತೆ. ಬೆಂಕಿ ಬಿದ್ದಾಗ ಜನ ಹೊರಗೆ ಬರ್ತಾರೆ, ಫೋನ್ ಒಳಗೇ ಉಳಿಯುತ್ತೆ. ವಾಟ್ಸಾಪ್‌ನಲ್ಲಿ ಹೊಗೆಯ ವಿಡಿಯೋ ನೋಡಿದ ತಾಯಿ ಫೋನ್ ಮಾಡ್ತಾರೆ. ರಿಂಗ್ ಆಗುತ್ತೆ, ಯಾರೂ ಎತ್ತಲ್ಲ. ಮಗ ಗೇಟ್ ಹೊರಗೆ ಆರಾಮಾಗಿ ನಿಂತಿದ್ದರೂ ಆ ತಾಯಿಗೆ ಅರ್ಥವಾಗೋದು ಒಂದೇ.

ಇದಕ್ಕೆ ಪರಿಹಾರ ಸುಲಭ. ಕಂಪನಿಯ ಇಬ್ಬರು ಕೂತು 140 ಮನೆಗೆ ಫೋನ್ ಮಾಡಿದರೆ, ಒಂದು ಕರೆಗೆ ಮೂರು ನಿಮಿಷ ಅಂದರೂ ಮೂರೂವರೆ ಗಂಟೆ ಬೇಕು. ಅದರ ಬದಲು ಗೇಟ್ ರೂಮಿನಲ್ಲಿ ಚಾರ್ಜ್ ಆಗಿರುವ ಆರು ಕೀಪ್ಯಾಡ್ ಫೋನ್ ಇಡಿ. ಎಣಿಕೆ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ನಿಮಿಷ ತಮ್ಮ ಮನೆಗೆ ತಾವೇ ಮಾತಾಡಲಿ. 131 ಜನಕ್ಕೆ ಸುಮಾರು 22 ನಿಮಿಷ ಸಾಕು. "ಅಮ್ಮ, ನಾನು ಚೆನ್ನಾಗಿದೀನಿ" ಅನ್ನೋ ಮಾತನ್ನು ಅವರ ದನಿಯಲ್ಲೇ ಕೇಳಿದಷ್ಟು ಸಮಾಧಾನ ಕಂಪನಿಯ ಯಾವ ಸಂದೇಶದಿಂದಲೂ ಸಿಗಲ್ಲ. ಲಾಕರ್‌ನಲ್ಲಿ ಫೋನ್ ಇಟ್ಟವರಿಗೆ ಮನೆ ನಂಬರ್ ಬಾಯಿಪಾಠ ಇರೋದು ಕಷ್ಟ. ಗೇಟ್ ಪಟ್ಟಿಯಲ್ಲಿ ನಂಬರ್ ಇರಬೇಕು ಅಂದದ್ದು ಅದಕ್ಕೂ ಹೌದು.

ಈಗ ಕಂಪನಿ ಕೈಯಾರೆ ನೋಡಿಕೊಳ್ಳಬೇಕಾದ ಮನೆಗಳು ಒಂಬತ್ತು ಮಾತ್ರ. ರೂಮಿಗೆ ಹೋದ ನಾಲ್ವರಿಂದ ಮನೆಗೆ ಫೋನ್ ಮಾಡಿಸಿದರೆ ಆಯ್ತು. ಆಸ್ಪತ್ರೆಗೆ ಹೋದ ಮೂವರ ಮನೆಗೆ, ಆ ಭಾಷೆ ಬಲ್ಲ ಒಬ್ಬರು ಫೋನ್ ಮಾಡಿ ಇಷ್ಟು ಹೇಳಬೇಕು: ತಾವು ಯಾರು, ಏನಾಗಿದೆ, ಯಾವ ಆಸ್ಪತ್ರೆ, ಅಲ್ಲಿ ಜೊತೆಗೆ ಯಾರಿದ್ದಾರೆ, ಮತ್ತೆ ಎಷ್ಟು ಹೊತ್ತಿಗೆ ಫೋನ್ ಮಾಡ್ತೀವಿ. "ಏನೂ ಆಗಲ್ಲ, ಹೆದರಬೇಡಿ" ಅನ್ನಬಾರದು. ಅದನ್ನು ಹೇಳೋದು ಡಾಕ್ಟರ್ ಕೆಲಸ. ಸುಟ್ಟ ಗಾಯದವರನ್ನು ಹತ್ತಿರದ ಆಸ್ಪತ್ರೆಯಿಂದ ಬರ್ನ್ಸ್ ವಾರ್ಡ್ ಇರುವ ವಿಕ್ಟೋರಿಯಾಗೆ ಕಳಿಸಬಹುದು. ಆಗ ಮನೆಯವರು ಹಳೇ ವಿಳಾಸಕ್ಕೆ ಹೋಗಿ ಅಲೆಯೋ ಹಾಗೆ ಆಗಬಾರದು. ಅದಕ್ಕೇ ಪ್ರತಿ ಆಸ್ಪತ್ರೆಯಲ್ಲೂ ಕಂಪನಿಯ ಒಬ್ಬರು ಇದ್ದು ಪಟ್ಟಿಯನ್ನು ತಿದ್ದಿಸುತ್ತಿರಬೇಕು.

ಸಿಗದ ಇಬ್ಬರ ಮನೆಯವರ ಹತ್ತಿರ "ಇನ್ನೂ ಸಿಕ್ಕಿಲ್ಲ, ಹುಡುಕ್ತಿದ್ದಾರೆ" ಅನ್ನೋ ಸತ್ಯವನ್ನೇ ಹೇಳಬೇಕು. ಸಾವಾಗಿದ್ದರೆ, ಗುರುತು ಖಚಿತವಾಗುವ ತನಕ ಹೆಸರು ಹೇಳಬಾರದು. ಖಚಿತವಾದ ಮೇಲೆ ಪೊಲೀಸರ ಜೊತೆ ಒಬ್ಬ ಹಿರಿಯರು ಮನೆಗೇ ಹೋಗಿ ತಿಳಿಸಬೇಕು. ಮನೆ ದೂರದ ರಾಜ್ಯದಲ್ಲಿದ್ದರೆ ಅಲ್ಲಿನ ಠಾಣೆಯ ಮೂಲಕ ಯಾರಾದರೂ ಎದುರಿಗೆ ಕೂತು ಹೇಳುವ ಹಾಗೆ ಮಾಡಬೇಕು.

ಮೂರನೇ ಗುಂಪು ಅಧಿಕಾರಿಗಳು. ಇಲ್ಲಿ ಕಾನೂನು ಸ್ಪಷ್ಟ. ಭೋಪಾಲ್ ದುರಂತ ಆದದ್ದು 1984ರಲ್ಲಿ. ಆಮೇಲೆ 1987ರಲ್ಲಿ 1948ರ ಫ್ಯಾಕ್ಟರಿ ಕಾಯ್ದೆಗೆ 41ಬಿ ಸೆಕ್ಷನ್ ಸೇರಿಸಿದರು. ಅಪಾಯಕಾರಿ ಪ್ರಕ್ರಿಯೆ ಇರುವ ಫ್ಯಾಕ್ಟರಿ, ಒಳಗಿನ ಅಪಾಯ ಏನು ಅಂತ ಕೆಲಸಗಾರರಿಗೂ ಇನ್‌ಸ್ಪೆಕ್ಟರಿಗೂ ಸುತ್ತಲಿನ ಜನಕ್ಕೂ ಮೊದಲೇ ತಿಳಿಸಬೇಕು ಅನ್ನುತ್ತಿತ್ತು ಅದು. ಅದೇ ಕಾಯ್ದೆಯ 88ನೇ ಸೆಕ್ಷನ್ ಪ್ರಕಾರ ಸಾವು, ಅಥವಾ 48 ಗಂಟೆ ಇಲ್ಲವೇ ಅದಕ್ಕೂ ಹೆಚ್ಚು ಕೆಲಸ ಮಾಡಲಾಗದಷ್ಟು ಗಾಯ ಆದರೆ ಇಲಾಖೆಗೆ ನೋಟಿಸ್ ಕೊಡಬೇಕಿತ್ತು. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳಲ್ಲಿ ದೊಡ್ಡ ಅಪಘಾತವನ್ನು 48 ಗಂಟೆ ಒಳಗೆ ತಿಳಿಸಬೇಕು ಅಂತ ಇದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಾಗಾಗಿ ಹಳೇ ಪ್ಲಾನ್ ಕಾಪಿ ಮಾಡುವ ಮುಂಚೆ ಸೆಕ್ಷನ್ ನಂಬರ್ ಮತ್ತು ಫಾರ್ಮ್ ಯಾವುದು ಅಂತ ಇಲಾಖೆಯಲ್ಲಿ ಕೇಳಿಕೊಳ್ಳಿ.

ಆದರೆ 48 ಗಂಟೆ ಕಾಯುವ ಪ್ಲಾನ್ ಬರೆಯಬೇಡಿ. ನಮ್ಮ ಉದಾಹರಣೆಯಲ್ಲಿ 4:40ರ ಒಳಗೆ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಇನ್‌ಸ್ಪೆಕ್ಟರಿಗೆ ಫೋನ್ ಹೋಗಬೇಕು, ಹಿಂದೆಯೇ ಅದೇ ಮಾತು ಇಮೇಲ್‌ನಲ್ಲಿ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು ಕರೆ ಬೇಕು. ಪೇಂಟ್, ಥಿನ್ನರ್ ಬೆರೆತ ನೀರು ಮೋರಿ ಹಿಡಿದು ವೃಷಭಾವತಿ ಕಡೆ ಹರಿಯಬಹುದು. 1986ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಯಾಂಡೋಸ್ ಗೋದಾಮಿನ ಬೆಂಕಿ ಆರಿಸಿದ ನೀರೇ ರೈನ್ ನದಿಗೆ ಸೇರಿ ರಾಶಿರಾಶಿ ಮೀನು ಸತ್ತಿದ್ದವು. ಇಲ್ಲಿಗೂ ಪಟ್ಟಿಯ ಅದೇ ಸಂಖ್ಯೆಗಳು ಹೋಗಬೇಕು. ಇನ್‌ಸ್ಪೆಕ್ಟರಿಗೆ ಒಂದು, ಟಿವಿಗೆ ಇನ್ನೊಂದು ಆದರೆ ಮಾರನೇ ದಿನದ ಸುದ್ದಿ ಬೆಂಕಿಯದಲ್ಲ, ಸುಳ್ಳಿನದು.

ಕೊನೆಗೆ ಪತ್ರಕರ್ತರು. 2024ರ ಸೆಪ್ಟೆಂಬರ್ 28ರಂದು ಹೊಸೂರು ಹತ್ತಿರದ ಟಾಟಾ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಬೆಂಕಿ ಬಿದ್ದಾಗ, ನೌಕರರೆಲ್ಲ ಸುರಕ್ಷಿತ, ಕಾರಣದ ತನಿಖೆ ನಡೀತಿದೆ ಅಂತ ಕಂಪನಿ ಹೇಳಿಕೆ ಕೊಟ್ಟಿತ್ತು. ಹೊಗೆಯಿಂದ ಉಸಿರಾಟದ ತೊಂದರೆ ಆಗಿ ಕೆಲವರು ಚಿಕಿತ್ಸೆ ಪಡೆದ ಸುದ್ದಿಯೂ ಬಂತು. ಎರಡೂ ಒಟ್ಟಿಗೆ ನಿಜ ಇರಬಹುದು. ಆದರೆ "ಸುರಕ್ಷಿತ" ಅನ್ನೋದನ್ನ ಕಂಪನಿಯವರು "ಜೀವಕ್ಕೆ ಅಪಾಯ ಇಲ್ಲ" ಅಂತ ಬರೀತಾರೆ, ಮನೆಯವರು "ಏನೂ ಆಗಿಲ್ಲ" ಅಂತ ಓದ್ತಾರೆ. ಅದಕ್ಕೇ ಆ ಪದ ಬಿಟ್ಟು ಸಂಖ್ಯೆ ಕೊಡೋದು ಒಳ್ಳೇದು. ನಮ್ಮ ಘಟಕದ 5 ಗಂಟೆಯ ಹೇಳಿಕೆ ಹೀಗಿರಬಹುದು:

"ಇಂದು ಸಂಜೆ 4:10ಕ್ಕೆ ನಮ್ಮ ಪೀಣ್ಯ ಘಟಕದ ಪೇಂಟ್ ಶಾಪ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಆಗ ಆವರಣದಲ್ಲಿ 140 ಜನರಿದ್ದರು. 135 ಜನ ಹೊರಗೆ ಬಂದಿದ್ದಾರೆ. ಮೂವರು ಆಸ್ಪತ್ರೆಯಲ್ಲಿದ್ದಾರೆ. ಇಬ್ಬರಿಗಾಗಿ ಹುಡುಕಾಟ ನಡೆದಿದೆ. ಈ ಐವರ ಮನೆಯವರಿಗೆ ತಿಳಿಸಿದ್ದೇವೆ. ಬೆಂಕಿಗೆ ಕಾರಣ ಇನ್ನೂ ತಿಳಿದಿಲ್ಲ. ಮುಂದಿನ ಮಾಹಿತಿ 6 ಗಂಟೆಗೆ."

ಇದರಲ್ಲಿ ಯಾರ ಹೆಸರೂ ಇಲ್ಲ. "ಶಾರ್ಟ್ ಸರ್ಕ್ಯೂಟ್ ಇರಬಹುದು" ಅನ್ನುವ ಊಹೆಯೂ ಇಲ್ಲ, ಕಾರಣ ಹೇಳಬೇಕಾದವರು ತನಿಖೆ ಮಾಡುವವರು. ಐವರ ಮನೆಗೆ ತಿಳಿಸದೆ ಈ ಹೇಳಿಕೆ ಹೊರಗೆ ಹೋಗೋ ಹಾಗಿಲ್ಲ. 6 ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಬಂದು "ಹೊಸದಿಲ್ಲ" ಅಂತಲಾದರೂ ಹೇಳಬೇಕು. ಇಲ್ಲದಿದ್ದರೆ ಮೈಕ್ ಗೇಟ್‌ನಲ್ಲಿ ನಿಂತ ಸೆಕ್ಯುರಿಟಿ ಅಣ್ಣನ ಮುಂದೆ ಹೋಗುತ್ತೆ, ಅವರು ಪಾಪ ಕಂಡದ್ದು ಕೇಳಿದ್ದು ಎಲ್ಲ ಹೇಳ್ತಾರೆ.

ಪ್ಲಾನ್ ಕೆಲಸ ಮಾಡುತ್ತಾ ಅಂತ ತಿಳಿಯೋಕೆ ಬೆಂಕಿ ಬೀಳಬೇಕಾಗಿಲ್ಲ. ಇಂಟರ್ನ್‌ಶಿಪ್‌ಗೆ ಹೋದ ಕಡೆ ಶಿಫ್ಟ್ ಬದಲಾಗುವ ಹೊತ್ತಲ್ಲಿ ಗೇಟ್‌ನಲ್ಲಿ "ಈಗ ಒಳಗೆ ಎಷ್ಟು ಜನ?" ಅಂತ ಕೇಳಿ ನೋಡಿ. ಎರಡು ಶಿಫ್ಟ್‌ನವರೂ ಒಳಗಿರುವ ಆ ಹತ್ತು ಹದಿನೈದು ನಿಮಿಷದಲ್ಲೇ ಲೆಕ್ಕ ಹೆಚ್ಚು ತಪ್ಪೋದು. ಮುಂದಿನ ಡ್ರಿಲ್‌ನಲ್ಲಿ ಸೈರನ್‌ನಿಂದ ಪಟ್ಟಿ ಪೂರ್ತಿ ಆಗುವ ತನಕ ಎಷ್ಟು ನಿಮಿಷ ಆಯ್ತು ಅಂತ ಗಡಿಯಾರ ನೋಡಿ. ಆಮೇಲೆ ಆ ಪಟ್ಟಿಯಲ್ಲಿ ನಿಮ್ಮ ಹೆಸರು, ನಿಮ್ಮ ಮನೆಯ ನಂಬರ್ ಇದೆಯಾ ಅಂತಲೂ ನೋಡಿಕೊಳ್ಳಿ. ಇಂಟರ್ನ್‌ಗಳು ಎಚ್‌ಆರ್ ಹಾಜರಾತಿಯಲ್ಲಿ ಸಾಮಾನ್ಯವಾಗಿ ಇರಲ್ಲ.