ಇಳಿಯುವ ಹೊತ್ತಲ್ಲ, ಹೊರಬರುವ ಹೊತ್ತು ನೋಡಿ

ಜಯನಗರದ ಕಾಲೇಜೊಂದರಲ್ಲಿ ಮೂರು ದಿನದ ಸಮ್ಮೇಳನ. ಹೊರ ಊರುಗಳಿಂದ ಅರವತ್ತು ಪ್ರತಿನಿಧಿಗಳು ಬರುತ್ತಾರೆ, ಅವರನ್ನು ಕರೆತರುವ ಹೊಣೆ ನಿಮ್ಮದು ಅಂದುಕೊಳ್ಳಿ. ನೀವು ಮೊದಲು ಮಾಡುವ ಕೆಲಸ ನನಗೆ ಗೊತ್ತು: ಟ್ರಾವೆಲ್ಸ್‌ನವರಿಗೆ ಫೋನ್ ಹಚ್ಚಿ ‘ಒಂದೈದು ಇನ್ನೋವಾ ಇರಲಿ’ ಅಂದುಬಿಡುತ್ತೀರಿ. ಹಾಗೆ ಮಾಡಬೇಡಿ. ಎಷ್ಟು ಗಾಡಿ ಬೇಕೆಂದು ನೀವಲ್ಲ, ಬರುವವರ ಪಟ್ಟಿ ಹೇಳಬೇಕು. ಮೊದಲು ಪಟ್ಟಿ ಸರಿಮಾಡಿಕೊಳ್ಳಿ.

‘ಎಷ್ಟು ಗಂಟೆಗೆ ಬರುತ್ತೀರಿ?’ ಎಂದು ಕೇಳಿ ಸುಮ್ಮನಾಗುವ ಅಭ್ಯಾಸ ಬಿಟ್ಟುಬಿಡಿ. ವಿಮಾನದ ನಂಬರ್ ಕೇಳಿ, ಟರ್ಮಿನಲ್ ಒಂದೋ ಎರಡೋ ಕೇಳಿ, ಲಗೇಜ್ ಒಳಗೆ ಹಾಕುತ್ತಾರೋ ಕೈಯಲ್ಲೇ ತರುತ್ತಾರೋ ಕೇಳಿ. ರೈಲಿನವರಿಗೆ ಟ್ರೈನ್ ನಂಬರ್ ಜೊತೆಗೆ ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತಾರೆಂದು ಕೇಳಲೇಬೇಕು. ಹೊರಗಿನವರಿಗೆ ‘ಬೆಂಗಳೂರು’ ಅಂದರೆ ಒಂದೇ ಊರು. ನಮಗೆ ಅದು ಮೆಜೆಸ್ಟಿಕ್, ದಂಡು, ಯಶವಂತಪುರ, ಕೆ.ಆರ್. ಪುರ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್. ಹೌರಾ ಕಡೆಯಿಂದ ಬರುವ ರೈಲು ಬೈಯಪ್ಪನಹಳ್ಳಿಗೆ ಬಂದು ನಿಂತಾಗ ನಿಮ್ಮ ಹುಡುಗ ಮೆಜೆಸ್ಟಿಕ್‌ನಲ್ಲಿ ಬೋರ್ಡು ಹಿಡಿದು ನಿಂತಿದ್ದರೆ ಏನು ಪ್ರಯೋಜನ?

ತಾರೀಖಿನ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಒಮ್ಮೆ ವಿದೇಶದಿಂದ ಬರುವ ಹಿರಿಯರೊಬ್ಬರು ‘11ರ ರಾತ್ರಿ 12.40’ ಎಂದು ಬರೆದಿದ್ದರು. ನಾನು 11ನೇ ತಾರೀಖಿನ ಪುಟದ ಕೊನೆಯಲ್ಲಿ ‘12.40’ ಎಂದಷ್ಟೇ ಬರೆದೆ. ಗಾಡಿಯವರ ಲೆಕ್ಕದಲ್ಲಿ 11ರ 12.40 ಅಂದರೆ ಮಧ್ಯಾಹ್ನ. ಡ್ರೈವರ್ ಮಧ್ಯಾಹ್ನ ಹೋಗಿ ಕಾದು ಬರಿಗೈಯಲ್ಲಿ ಬಂದ. ಆ ಹಿರಿಯರು ನಡುರಾತ್ರಿ ಒಬ್ಬರೇ ಹೊರಗೆ ನಿಂತರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು. ಅಂದಿನಿಂದ ರೈಲ್ವೆಯವರ ಹಾಗೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲೇ ಬರೆಯುತ್ತೇನೆ: ‘12ನೇ ತಾರೀಖು, 00.40’. ನೀವೂ ಹಾಗೇ ಬರೆಯಿರಿ.

ಈಗ ಮುಖ್ಯವಾದ ಮಾತಿಗೆ ಬರೋಣ. ವಿಮಾನ ಇಳಿಯುವ ಹೊತ್ತಿಗೂ ಮನುಷ್ಯ ಬಾಗಿಲಾಚೆ ಬರುವ ಹೊತ್ತಿಗೂ ಬಹಳ ಅಂತರವಿದೆ. ನಾನು ಇಟ್ಟುಕೊಳ್ಳುವ ಲೆಕ್ಕ ಇಷ್ಟು: ದೇಶದೊಳಗಿನ ವಿಮಾನ, ಕೈಚೀಲ ಮಾತ್ರ ಇದ್ದರೆ 25 ನಿಮಿಷ, ಪೆಟ್ಟಿಗೆಗೆ ಬೆಲ್ಟಿನ ಬಳಿ ಕಾಯಬೇಕಾದರೆ 45, ವಿದೇಶದಿಂದಾದರೆ ಇಮಿಗ್ರೇಷನ್ ಸೇರಿ ಒಂದೂಕಾಲು ಗಂಟೆ. ರೈಲಿನವರಿಗೆ 15 ನಿಮಿಷ ಸಾಕು. ಈ ನಿಮಿಷಗಳನ್ನು ಕೂಡಿಸಿ ‘ಹೊರಬರುವ ಹೊತ್ತು’ ಅಂತ ಪಟ್ಟಿಯಲ್ಲಿ ಬೇರೆ ಕಾಲಂ ಮಾಡಿ. ಗುಂಪು ಮಾಡುವಾಗ ಆ ಕಾಲಂ ಬಿಟ್ಟು ಬೇರೆ ಏನನ್ನೂ ನೋಡಬೇಡಿ.

ಹೆಚ್ಚಿನವರು ಗುಂಪು ಮಾಡುವುದು ಗಂಟೆಯ ಲೆಕ್ಕದಲ್ಲಿ: ಏಳರಿಂದ ಎಂಟರವರೆಗೆ ಒಂದು ಗಾಡಿ, ಎಂಟರಿಂದ ಒಂಬತ್ತರವರೆಗೆ ಇನ್ನೊಂದು. ಇದು ತಪ್ಪು. 7.58ಕ್ಕೆ ಬಂದವರೂ 8.03ಕ್ಕೆ ಬಂದವರೂ ಬೇರೆ ಬೇರೆ ಗಾಡಿ ಹತ್ತುತ್ತಾರೆ, 8.03ಕ್ಕೆ ಬಂದವರು 8.58ರವರಿಗಾಗಿ ಮುಕ್ಕಾಲು ಗಂಟೆಗೂ ಮೇಲೆ ಕಾಯುತ್ತಾರೆ. ಗಡಿಯಾರದ ಗಂಟೆಯಿಂದಲ್ಲ, ಮೊದಲು ಹೊರಬರುವ ಮನುಷ್ಯನಿಂದ ಎಣಿಸಲು ಶುರುಮಾಡಿ. ಅವರಿಂದ ಮುಂದಕ್ಕೆ 40 ನಿಮಿಷದೊಳಗೆ ಬರುವವರೆಲ್ಲ ಒಂದು ಗುಂಪು. ಸೀಟು ತುಂಬಿದರೆ ಅಥವಾ 40 ನಿಮಿಷ ಕಳೆದರೆ ಗುಂಪು ಮುಗಿಯಿತು; ಮುಂದಿನವರಿಂದ ಹೊಸ ಎಣಿಕೆ.

ಒಂದು ಬೆಳಗ್ಗೆಯ ಪಟ್ಟಿ ತೆಗೆದುಕೊಳ್ಳಿ, ಎಲ್ಲರೂ ಒಂದೇ ಟರ್ಮಿನಲ್‌ನವರು. ಹೈದರಾಬಾದಿನ ಇಬ್ಬರು 7.20ಕ್ಕೆ ಇಳಿಯುತ್ತಾರೆ, ಕೈಚೀಲ ಮಾತ್ರ, 7.45ಕ್ಕೆ ಹೊರಗೆ. ಚೆನ್ನೈನವರೊಬ್ಬರು 7.35ಕ್ಕೆ ಇಳಿದರೂ ಪೆಟ್ಟಿಗೆ ಇದೆ, ಹೊರಬರುವುದು 8.20. ಪುಣೆಯವರೊಬ್ಬರು ಅವರಿಗಿಂತ ಕಾಲು ಗಂಟೆ ತಡವಾಗಿ ಇಳಿದು 8.15ಕ್ಕೇ ಹೊರಗಿರುತ್ತಾರೆ. ಈ ನಾಲ್ವರು ಒಂದು ಇನ್ನೋವಾ, 8.20ಕ್ಕೆ ಹೊರಡಬಹುದು. ಹೈದರಾಬಾದಿನವರು 35 ನಿಮಿಷ ಕಾಯುತ್ತಾರೆ. ಅಷ್ಟು ಹೊತ್ತಿನಲ್ಲಿ ಒಂದು ಕಾಫಿ ಕುಡಿಯಬಹುದು, ಮೊದಲೇ ತಿಳಿಸಿದ್ದರೆ ಯಾರೂ ಬೇಸರಪಡುವುದಿಲ್ಲ. ಆಮೇಲೆ ಕೊಚ್ಚಿಯವರು ಒಬ್ಬರು 9.20ಕ್ಕೆ, ದೆಹಲಿಯ ಇಬ್ಬರು 9.25ಕ್ಕೆ ಹೊರಬರುತ್ತಾರೆ, ಅವರದು ಎರಡನೇ ಗಾಡಿ. ಮುಂಬೈಯವರೊಬ್ಬರು ಉಳಿದರು, 10.15ಕ್ಕೆ. ‘ಒಂದು ಸೀಟು ಹೇಗೂ ಖಾಲಿ ಇದೆ, ಕಾಯಿಸೋಣ’ ಅನ್ನಿಸುತ್ತದೆ ನಿಮಗೆ. ಒಬ್ಬರಿಗಾಗಿ ಮೂವರನ್ನು ಮುಕ್ಕಾಲು ಗಂಟೆಗೂ ಮೇಲೆ ನಿಲ್ಲಿಸಬೇಡಿ. ಎರಡನೇ ಗಾಡಿ ಹೊರಡಲಿ. ಮುಂಬೈಯವರಿಗೆ ಏರ್‌ಪೋರ್ಟ್ ಟ್ಯಾಕ್ಸಿ ಹಿಡಿಯಲು ಹೇಳಿ, ಖರ್ಚು ಕೊಡಿ. ಒಪ್ಪಿದರೆ ಬನಶಂಕರಿ ಕಡೆಯ ವಾಯು ವಜ್ರ ಬಸ್ಸೂ ಇದೆ.

ಮೊದಲು ಹೋದ ಇನ್ನೋವಾ ಮುಂಬೈಯವರಿಗಾಗಿ ವಾಪಸ್ ಬರುತ್ತದಲ್ಲ ಅನ್ನಬೇಡಿ. ಬರುವುದಿಲ್ಲ. ಏರ್‌ಪೋರ್ಟಿನಿಂದ ಜಯನಗರ 40 ಕಿಲೋಮೀಟರಿನ ಆಸುಪಾಸು. ಬೆಳಗಿನ ಹೊತ್ತು ಹೆಬ್ಬಾಳ ದಾಟಿ ಬರುವಷ್ಟರಲ್ಲಿ ಎರಡು ಗಂಟೆಯಾಗುತ್ತದೆ, ಮರಳಿ ಹೋಗಲು ಇನ್ನೊಂದೂವರೆ ಗಂಟೆ. 8.20ಕ್ಕೆ ಹೊರಟ ಗಾಡಿ ಮತ್ತೆ ಸಿಗುವುದು ಹನ್ನೆರಡರ ಹೊತ್ತಿಗೆ. ಪಟ್ಟಿಯಲ್ಲಿ ಹೊರಡುವ ಹೊತ್ತಿನ ಪಕ್ಕದಲ್ಲೇ ‘ಮತ್ತೆ ಸಿಗುವ ಹೊತ್ತು’ ಎಂದೂ ಬರೆದಿಡಿ. ಇದನ್ನು ಬರೆಯದೆ ಒಂದೇ ಗಾಡಿಯನ್ನು ಎರಡು ಕಡೆ ಹೆಸರಿಸುವವರೇ ಹೆಚ್ಚು.

ಸೀಟು ಎಣಿಸುವಾಗಲೂ ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಇನ್ನೋವಾದಲ್ಲಿ ಡ್ರೈವರ್ ಬಿಟ್ಟು ಆರು ಜನ ಕೂರಬಹುದು ನಿಜ, ಆದರೆ ಹಿಂದಿನ ಸೀಟು ಮಡಚದೆ ನಾಲ್ಕು ಪೆಟ್ಟಿಗೆ ಹಿಡಿಯುವುದಿಲ್ಲ. ಲಗೇಜ್ ಸಮೇತ ನಾಲ್ವರು ಅಂತಲೇ ಲೆಕ್ಕ ಹಾಕಿ. ಸಣ್ಣ ಟ್ಯಾಕ್ಸಿ ಗೊತ್ತುಮಾಡುವಾಗ ಸಿಎನ್‌ಜಿ ಗಾಡಿಯೋ ಎಂದು ಕೇಳಿ. ಡಿಕ್ಕಿ ತೆರೆದರೆ ಒಳಗೆ ಅಡ್ಡಲಾಗಿ ಸಿಲಿಂಡರ್ ಮಲಗಿರುತ್ತದೆ. ದೊಡ್ಡ ಪೆಟ್ಟಿಗೆ ಒಂದೂ ಒಳಗೆ ಹೋಗುವುದಿಲ್ಲ.

ವಿಮಾನದವರನ್ನೂ ರೈಲಿನವರನ್ನೂ ಒಂದೇ ಗಾಡಿಗೆ ಸೇರಿಸುವ ಆಸೆ ಬೇಡ. ಏರ್‌ಪೋರ್ಟಿನಿಂದ ಬರುವ ದಾರಿಯಲ್ಲಿ ದಂಡು ಸ್ಟೇಷನ್ ಮುಟ್ಟಿಕೊಂಡು ಬರಬಹುದು, ನಿಜ. ಆದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ, ರೈಲಿನ ತಡವೂ ವಿಮಾನದ ತಡವೂ ಒಂದೇ ಗಾಡಿಗೆ ಅಂಟಿಕೊಳ್ಳುತ್ತವೆ. ರೈಲು ಯಾವಾಗಲೂ ತಡವೇ ಅಂತಲೂ ನಂಬಬೇಡಿ. ಕೊನೆಯ ನಿಲ್ದಾಣದ ಮುಂಚೆ ವೇಳಾಪಟ್ಟಿಯಲ್ಲಿ ಹೆಚ್ಚುವರಿ ನಿಮಿಷ ಇಟ್ಟಿರುತ್ತಾರೆ, ಹಾಗಾಗಿ ಕೆಲವು ರೈಲುಗಳು ಹೊತ್ತಿಗೆ ಮೊದಲೇ ಬಂದು ನಿಲ್ಲುತ್ತವೆ. ಗಾಡಿ ಕಳಿಸುವ ಮುಂಚೆ 139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ವೆಯ ಆ್ಯಪಿನಲ್ಲಿ ನೋಡಿ.

ವಿಮಾನ ತಡವಾದರೆ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿರಿ. ಅರ್ಧ ಗಂಟೆಗಿಂತ ಹೆಚ್ಚು ತಡವಾದವರು ಮುಂದಿನ ಗುಂಪಿಗೆ. ಉಳಿದವರ ಗಾಡಿ ನಿಲ್ಲಬಾರದು. ಪ್ರತಿದಿನ ಒಂದು ಗಾಡಿ ಯಾರ ಹೆಸರಿಗೂ ಬರೆಯದೆ ಖಾಲಿ ಇರಲಿ. ಖರ್ಚು ದಂಡ ಅನ್ನಬೇಡಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಲಾಗದು.

ಏರ್‌ಪೋರ್ಟಿನ ಪಿಕಪ್ ಜಾಗದಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯಲು ಬಿಡುವುದಿಲ್ಲ. ಡ್ರೈವರ್ ಪಾರ್ಕಿಂಗ್‌ನಲ್ಲಿರಲಿ, ಬಾಗಿಲ ಬಳಿ ನಿಂತ ನಿಮ್ಮ ಸ್ವಯಂಸೇವಕರು ಗುಂಪಿನ ಕೊನೆಯವರು ಸಿಕ್ಕ ಮೇಲೆ ಡ್ರೈವರನ್ನು ಕರೆಯಲಿ. ರಾತ್ರಿ 00.40ರ ವಿಮಾನಕ್ಕೆ ಹೋದ ಡ್ರೈವರನ್ನು ಬೆಳಗ್ಗೆ 7.45ರ ಗುಂಪಿಗೆ ಮತ್ತೆ ಕಳಿಸಬೇಡಿ, ಅವರಿಗೂ ನಿದ್ದೆ ಬೇಕು. ಇನ್ನು ಪ್ರತಿಯೊಬ್ಬ ಪ್ರತಿನಿಧಿಗೂ ಗಾಡಿಯ ನಂಬರ್, ಡ್ರೈವರ್ ಹೆಸರು, ಫೋನ್, ಜೊತೆಗೆ ಬರುವವರು ಯಾರು, ಎಷ್ಟು ಹೊತ್ತು ಕಾಯಬೇಕಾದೀತು ಎಂಬ ಸಂದೇಶವನ್ನು ಹಿಂದಿನ ಸಂಜೆಯೇ ಕಳಿಸಿ. ವಿಮಾನ ಹತ್ತಿದ ಮೇಲೆ ಅವರ ಫೋನ್ ಆಫ್ ಆಗಿರುತ್ತದೆ.